ತಡವಾಗಿದ್ದು ಯಾವ ಭಾಷೆ?

ನಮ್ಮೂರಿನ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗಿದ್ದೇ ಐದನೇ ಕ್ಲಾಸಿಗೆ. ಮೀಟಿಂಗಿನಲ್ಲಿ ‘ದಿ’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅಂತ ಇವತ್ತಿಗೂ ತಡವರಿಸ್ತೀನಿ. ‘ಲೇಟಾಗಿ ಕಲಿತ್ಯಲ್ಲ, ಅದಕ್ಕೇ ಕಣೋ’ ಅಂತಾನೆ ಕಾನ್ವೆಂಟಿನಲ್ಲಿ ಓದಿದ ಗೆಳೆಯ. ಈ ಮಾತಿಗೆ ಹಳೆಯ ಬೇರಿದೆ. ಭಾಷೆ ಸಹಜವಾಗಿ ಕೂರುವುದಕ್ಕೆ ಒಂದು ‘ನಿರ್ಣಾಯಕ ಅವಧಿ’ ಇದೆ, ಹರೆಯದ ಹೊತ್ತಿಗೆ ಅದು ಮುಗಿಯುತ್ತದೆ ಎಂದು 1967ರಲ್ಲಿ ಎರಿಕ್ ಲೆನೆಬರ್ಗ್ ವಾದಿಸಿದರು.

ಇದನ್ನು ಪರೀಕ್ಷಿಸೋದು ಹೇಗೆ? ಯಾವ ಮಗುವನ್ನೂ ಬೇಕಂತಲೇ ಭಾಷೆಯಿಂದ ದೂರ ಇಡೋಕಾಗಲ್ಲ. ಆದರೆ ಇತಿಹಾಸ ಆ ಕೆಲಸ ಮಾಡಿಬಿಟ್ಟಿತ್ತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಪಾಠಕ್ಕೆ ಸನ್ನೆ ಭಾಷೆ ಬೇಡ, ಬಾಯಿಮಾತೇ ಇರಲಿ ಎಂದು ನಿರ್ಣಯಿಸಿತು. ಅಮೆರಿಕದಲ್ಲೂ ಹೆಚ್ಚಿನ ಶಾಲೆಗಳು ಅದೇ ದಾರಿ ಹಿಡಿದವು. ಕೇಳಿಸದ ಮಾತನ್ನು ತುಟಿ ನೋಡಿ ಕಲಿಯಲಾಗದ ಎಷ್ಟೋ ಮಕ್ಕಳಿಗೆ ಸನ್ನೆ ಭಾಷೆ ಸಿಕ್ಕಿದ್ದು ಒಂಬತ್ತು, ಹತ್ತು, ಹದಿಮೂರರ ವಯಸ್ಸಿನಲ್ಲಿ. ಅದೇ ಅವರ ಮೊದಲ ಭಾಷೆ.

1993ರಲ್ಲಿ ರೇಚೆಲ್ ಮೇಬೆರಿ ಇಂಥವರನ್ನು ಇನ್ನೊಂದು ಗುಂಪಿನ ಜೊತೆ ಹೋಲಿಸಿದರು. ಆ ಗುಂಪಿನವರು ಕಿವಿ ಕೇಳುತ್ತಲೇ ಹುಟ್ಟಿ, ಇಂಗ್ಲಿಷ್ ಕಲಿತು, ಆಮೇಲೆ ಕಿವಿ ಕಳಕೊಂಡವರು. ಅವರೂ ಸನ್ನೆ ಕಲಿತದ್ದು ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಎರಡೂ ಗುಂಪಿನವರು ದಶಕಗಳಿಂದ ಸನ್ನೆಯಲ್ಲೇ ಬದುಕಿದವರು. ಪರೀಕ್ಷೆ ಸರಳ: ಉದ್ದನೆಯ ವಾಕ್ಯ ನೋಡಿ, ಹಾಗೇ ತಿರುಗಿ ಹೇಳಬೇಕು. ತಡವಾಗಿ ಕಲಿತರೆ ಕಷ್ಟ ಅನ್ನೋದಷ್ಟೇ ನಿಜವಾಗಿದ್ದರೆ ಇಬ್ಬರೂ ಒಂದೇ ಥರ ಎಡವಬೇಕಿತ್ತು. ಹಾಗಾಗಲಿಲ್ಲ. ಮೊದಲೇ ಒಂದು ಭಾಷೆ ಇದ್ದವರು ಸ್ಪಷ್ಟವಾಗಿ ಮುಂದಿದ್ದರು.

ತಡವಾಗಿ ಕಲಿತವರ ತಪ್ಪುಗಳೂ ಬೇರೆ ಥರ. ಮೇಬೆರಿಯವರ ಅದಕ್ಕೂ ಮುಂಚಿನ ಅಧ್ಯಯನವೊಂದರಲ್ಲಿ ಇಂಥ ತಪ್ಪು ಸಿಗುತ್ತದೆ: ‘ಮತ್ತು’ ಅನ್ನಬೇಕಾದ ಕಡೆ ‘ನಿದ್ದೆ’ ಅನ್ನುವ ಸನ್ನೆ. ಅಮೆರಿಕನ್ ಸನ್ನೆ ಭಾಷೆಯಲ್ಲಿ ಎರಡಕ್ಕೂ ಕೈ ಆಡುವ ರೀತಿ ಒಂದೇ, ಒಂದನ್ನು ಎದೆಯ ಮುಂದೆ, ಇನ್ನೊಂದನ್ನು ಮುಖದ ಮುಂದೆ ಮಾಡುತ್ತಾರೆ. ಅಂದರೆ ಕೈಯ ರೂಪ ಗುರುತಿಸುವುದರಲ್ಲೇ ಗಮನ ಖರ್ಚಾಗಿ, ಅರ್ಥಕ್ಕೆ ಉಳಿಯುತ್ತಿರಲಿಲ್ಲ.

2002ರಲ್ಲಿ ಮೇಬೆರಿ ತಂಡ ಕಿವುಡರ ಇಂಗ್ಲಿಷ್ ವ್ಯಾಕರಣವನ್ನೇ ಪರೀಕ್ಷಿಸಿತು. ಎಳವೆಯಲ್ಲೇ ಸನ್ನೆ ಕಲಿತವರು, ಬೇರೆ ಭಾಷೆ ಆಡುತ್ತಾ ಬೆಳೆದು ಆಮೇಲೆ ಇಂಗ್ಲಿಷ್ ಕಲಿತ ಕೇಳುಗರಿಗೆ ಹತ್ತಿರ ಬಂದರು. ಎಳವೆಯಲ್ಲಿ ಯಾವ ಭಾಷೆಯೂ ಸಿಗದವರು ತೀರಾ ಹಿಂದುಳಿದರು.

ಎರಡನೇ ಭಾಷೆಗೆ ಬಾಗಿಲು ಒಮ್ಮೆಲೇ ಮುಚ್ಚುತ್ತದೋ, ನಿಧಾನಕ್ಕೆ ಬಿಗಿಯಾಗುತ್ತದೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನನ್ನ ‘ದಿ’ ತಪ್ಪುವುದು ಆ ಲೆಕ್ಕದ್ದು, ಹೇಗೋ ನಡೆದುಹೋಗುತ್ತೆ. ಯಾಕಂದ್ರೆ ಅವ್ವ ನನ್ನ ಕೈಗೆ ಕನ್ನಡ ಕೊಟ್ಟಾಗಿತ್ತು. ‘ಸನ್ನೆ ಕಲಿಸಿದ್ರೆ ಮಾತು ಬರಲ್ಲ’ ಅನ್ನೋ ಸಲಹೆ ನಂಬಿ ಕಾಯುವ ಅಪ್ಪ ಅಮ್ಮಂದಿರ ಕಿವುಡ ಮಗು ಕಳೆದುಕೊಳ್ಳೋದು ಎರಡನೇ ಭಾಷೆಯನ್ನಲ್ಲ, ಮೊದಲನೆಯದನ್ನು.