ರಜಾದಿನದಂದು ದುಡಿದರೆ ಎರಡು ಪಟ್ಟು ವೇತನವೋ, ಬದಲಿ ರಜೆಯೋ?

ಮಂಗಳೂರು, ಉಡುಪಿ ಕಡೆಯ ಧರ್ಮಕೇಂದ್ರಗಳಿಂದ ಕೆಲಸ ಅರಸಿ ಬೆಂಗಳೂರಿಗೆ ಹೋದ ಯುವಜನರು ಈಗ ನಗರದ ದಕ್ಷಿಣ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಉತ್ತರಹಳ್ಳಿ, ಬನಶಂಕರಿ, ಜೆ.ಪಿ. ನಗರಗಳ ಸೂಪರ್ ಮಾರ್ಕೆಟ್, ಬಟ್ಟೆ ಅಂಗಡಿ, ಹೋಟೆಲುಗಳಿಗೆ ಹಬ್ಬದ ದಿನವೆಂದರೆ ವ್ಯಾಪಾರದ ದಿನ. ಆದ್ದರಿಂದ ರಜೆಯ ದಿನವೂ ಕೆಲಸಕ್ಕೆ ಬರಲು ಹೇಳುತ್ತಾರೆ. ಹಾಗೆ ದುಡಿದ ದಿನಕ್ಕೆ ಏನು ಸಿಗಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಕರ್ನಾಟಕದಲ್ಲಿ ಇದಕ್ಕೆಂದೇ 1963ರ ಕಾಯ್ದೆಯೊಂದಿದೆ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಎಂದು ಅದರ ಹೆಸರು. ‘ಕೈಗಾರಿಕಾ’ ಎಂಬ ಪದ ಕಂಡು ಇದು ಕಾರ್ಖಾನೆಗಳಿಗೆ ಮಾತ್ರ ಎಂದುಕೊಳ್ಳಬಾರದು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳೂ ಇದರ ವ್ಯಾಪ್ತಿಯಲ್ಲಿವೆ. ಸರ್ಕಾರಿ ನೌಕರರಿಗೆ ಅವರದೇ ನಿಯಮಗಳಿವೆ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಬಳಿಕ ಹಳೆಯದೆಲ್ಲ ರದ್ದಾಯಿತೆಂದು ಕೆಲವರು ಹೇಳುವುದುಂಟು. ಆ ಸಂಹಿತೆಗಳು ರದ್ದುಮಾಡಿದ್ದು ಕೇಂದ್ರದ ಕಾಯ್ದೆಗಳನ್ನು. ರಾಜ್ಯದ ಈ ರಜಾ ಕಾಯ್ದೆ ಆ ಪಟ್ಟಿಯಲ್ಲಿಲ್ಲ.

ಯಾವ ದಿನಗಳು?

ಗೊಂದಲ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಸರ್ಕಾರ ಪ್ರತಿ ವರ್ಷ ಪ್ರಕಟಿಸುವ ಸಾರ್ವತ್ರಿಕ ರಜೆಗಳ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ, ಕ್ಯಾಲೆಂಡರಿನಲ್ಲಿ ಆ ದಿನಗಳು ಕೆಂಪಕ್ಷರದಲ್ಲಿ ಇರುತ್ತವೆ. ಅದು ಸರ್ಕಾರಿ ಕಚೇರಿಗಳಿಗೆ ಸಂಬಂಧಿಸಿದ್ದು. ಖಾಸಗಿ ಅಂಗಡಿಯ ನೌಕರರಿಗೆ 1963ರ ಕಾಯ್ದೆ ಕೊಡುವುದು ವರ್ಷಕ್ಕೆ ಹತ್ತು ರಜೆಗಳನ್ನು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಎಲ್ಲರಿಗೂ ಖಚಿತ. ಉಳಿದ ಐದು ಹಬ್ಬದ ರಜೆಗಳು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ರೀತಿ ಇರಬಹುದು. ನೌಕರರೊಂದಿಗೆ ಸಮಾಲೋಚಿಸಿ ಅವುಗಳನ್ನು ಗೊತ್ತುಮಾಡಿ, ಪಟ್ಟಿಯನ್ನು ಸಂಸ್ಥೆಯಲ್ಲಿ ತೂಗುಹಾಕುತ್ತಾರೆ.

ಹೀಗಾಗಿ ಶುಭ ಶುಕ್ರವಾರವಾಗಲಿ ಕ್ರಿಸ್ಮಸ್ ಆಗಲಿ ಆ ಐದರಲ್ಲಿ ಇದ್ದರೆ ಮಾತ್ರ ನಿಮ್ಮ ಅಂಗಡಿಗೆ ಕಾಯ್ದೆಯ ರಜೆ. ಕರಾವಳಿಯವರಿಗೆ ಮನೆಯ ಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಬೆಂಗಳೂರಿನ ಅಂಗಡಿಯ ಪಟ್ಟಿಯಲ್ಲಿ ಇರುವುದನ್ನು ನಾವಂತೂ ನಿರೀಕ್ಷಿಸುವುದಿಲ್ಲ. ಅಂದು ದುಡಿದರೆ ಎರಡು ಪಟ್ಟು ವೇತನ ಕೇಳಲಾಗದು. ಬಿಡುವು ಬೇಕಾದರೆ ತಮ್ಮ ಸ್ವಂತ ರಜೆಯಿಂದಲೇ ತೆಗೆದುಕೊಳ್ಳಬೇಕು. ಸಕಲ ಸಂತರ ಹಬ್ಬದ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು, ಅದು ರಾಜ್ಯೋತ್ಸವದ ದಿನವೇ ಬರುತ್ತದೆ! ಕ್ರಿಸ್ಮಸ್ ಬೇಕೆನ್ನುವವರು ಡಿಸೆಂಬರಿನಲ್ಲಿ ಕೇಳಿದರೆ ತಡವಾಯಿತು. ವರ್ಷಾರಂಭದಲ್ಲಿ ಪಟ್ಟಿ ಸಿದ್ಧವಾಗುವಾಗಲೇ ಬಾಯಿಬಿಟ್ಟು ಹೇಳಬೇಕು. ಎರಡು ರಜೆಗಳು ಒಂದೇ ದಿನ ಬೀಳುತ್ತವೆಯೇ ಎಂಬುದನ್ನೂ ಆಗಲೇ ನೋಡಬೇಕು. 2025ರಲ್ಲಿ ಗಾಂಧಿ ಜಯಂತಿ ಮತ್ತು ವಿಜಯದಶಮಿ ಅಕ್ಟೋಬರ್ 2ರಂದೇ ಬಂದಿದ್ದವು. ವಿಜಯದಶಮಿಯನ್ನು ಐದರಲ್ಲಿ ಸೇರಿಸಿಕೊಂಡವರು ಒಂದು ದಿನ ಕಳೆದುಕೊಂಡಂತಾಯಿತು.

ಆಯ್ಕೆ ಯಾರದು?

ರಜೆಯ ದಿನ ಕೆಲಸ ಮಾಡಿಸಲೇಬಾರದೆಂದು ಕಾಯ್ದೆ ಹೇಳುವುದಿಲ್ಲ. ಕನಿಷ್ಠ 24 ಗಂಟೆ ಮೊದಲು ನೌಕರರಿಗೆ ಲಿಖಿತ ಸೂಚನೆ ಕೊಡಬೇಕು, ಅದರ ಪ್ರತಿಯನ್ನು ಕಾರ್ಮಿಕ ನಿರೀಕ್ಷಕರಿಗೆ ಕಳುಹಿಸಬೇಕು. ಹೀಗೆ ದುಡಿದವರಿಗೆ ಎರಡು ದಾರಿಗಳಿವೆ. ಆ ದಿನಕ್ಕೆ ಎರಡು ಪಟ್ಟು ವೇತನ ಪಡೆಯಬಹುದು. ಇಲ್ಲವೇ ಆ ದಿನದ ವೇತನದ ಜೊತೆಗೆ ಬೇರೊಂದು ದಿನ ವೇತನಸಹಿತ ಬದಲಿ ರಜೆ ಪಡೆಯಬಹುದು. ಕಾಯ್ದೆ ಈ ಆಯ್ಕೆಯನ್ನು ನೌಕರರ ಇಚ್ಛೆಗೆ ಬಿಟ್ಟಿದೆ. “ನಮ್ಮಲ್ಲಿ ಕಾಂಪ್ ಆಫ್ ಮಾತ್ರ, ದುಡ್ಡು ಕೊಡುವ ಪದ್ಧತಿ ಇಲ್ಲ” ಎಂದು ಮ್ಯಾನೇಜರ್ ಹೇಳಿದರೆ ಅದು ಅಂಗಡಿಯ ರೂಢಿ ಇರಬಹುದು, ಕಾನೂನಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಕಾರ್ಕಳ ಕಡೆಯ ಯುವತಿಯೊಬ್ಬಳು ಉತ್ತರಹಳ್ಳಿಯ ಸೂಪರ್ ಮಾರ್ಕೆಟಿನ ಬಿಲ್ಲಿಂಗ್ ಕೌಂಟರಿನಲ್ಲಿ ತಿಂಗಳಿಗೆ ರೂ. 20,800ಕ್ಕೆ ದುಡಿಯುತ್ತಾಳೆ ಎಂದಿಟ್ಟುಕೊಳ್ಳಿ. ವಾಡಿಕೆಯಂತೆ 26 ದಿನಗಳಿಂದ ಭಾಗಿಸಿದರೆ ದಿನಕ್ಕೆ ರೂ. 800. 2026ರ ಆಗಸ್ಟ್ 15 ಶನಿವಾರ. ಅಂದು ಅವಳನ್ನು ಕೆಲಸಕ್ಕೆ ಕರೆಯುತ್ತಾರೆ. ಮನೆಯಲ್ಲಿ ಕೂತಿದ್ದರೂ ಆ ದಿನದ ರೂ. 800 ಅವಳ ಸಂಬಳದಲ್ಲಿ ಸೇರಿಯೇ ಇತ್ತು. ದುಡಿದದ್ದಕ್ಕೆ ಎರಡು ಪಟ್ಟು ಎಂದರೆ ಒಟ್ಟು ರೂ. 1,600, ಅಂದರೆ ಸಂಬಳದ ಮೇಲೆ ರೂ. 800 ಹೆಚ್ಚಾಗಿ ಬಂದು ಆ ತಿಂಗಳು ರೂ. 21,600 ಕೈಸೇರಬೇಕು. ಹಣ ಬೇಡ, ಊರಿಗೆ ಹೋಗಲು ದಿನ ಬೇಕು ಎಂದರೆ ಸಂಬಳ ರೂ. 20,800 ಆಗಿಯೇ ಉಳಿಯುತ್ತದೆ, ಆದರೆ ಮುಂದೆ ಒಂದು ದಿನ ಅವಳು ಬಾರದಿದ್ದರೂ ಕಡಿತವಾಗಬಾರದು. ಎರಡರ ಬೆಲೆಯೂ ಒಂದೇ, ರೂ. 800. ದಿನಗೂಲಿಯವರಿಗೂ ಇದೇ ಲೆಕ್ಕ: ಅಂದೇ ರೂ. 1,600, ಇಲ್ಲವೇ ಅಂದು ರೂ. 800 ಮತ್ತು ಬದಲಿ ರಜೆಯ ದಿನ ಮನೆಯಲ್ಲಿದ್ದರೂ ರೂ. 800.

ಎಲ್ಲಿ ತಪ್ಪುತ್ತದೆ?

ಎರಡು ಮೂರು ರೀತಿ ನಾವು ಕೇಳಿದ್ದೇವೆ. ಬದಲಿ ರಜೆ ಎಂದು ಹೇಳಿ, ನೌಕರರಿಗೆ ಹೇಗೂ ಸಿಗಬೇಕಾದ ವಾರದ ರಜೆಯನ್ನೇ ಅದರ ಹೆಸರಿನಲ್ಲಿ ಬರೆಯುವುದು ಒಂದು. ಹಾಗಾಗಿದೆಯೇ ಎಂದು ತಿಳಿಯಲು ಆ ವಾರ ಎಷ್ಟು ದಿನ ಬಿಡುವಿತ್ತು ಎಂದು ಎಣಿಸಿದರೆ ಸಾಕು. ಎರಡು ದಿನ ಇರಬೇಕಾದಲ್ಲಿ ಒಂದೇ ಇರುತ್ತದೆ. ಬದಲಿ ರಜೆಯನ್ನು “ಆಮೇಲೆ ನೋಡೋಣ” ಎಂದು ಮುಂದೂಡುತ್ತಾ ಹೋಗುವುದು ಮತ್ತೊಂದು. ನೌಕರ ಕೆಲಸ ಬಿಡುವಷ್ಟರಲ್ಲಿ ನಾಲ್ಕೈದು ದಿನಗಳು ಬಾಕಿ ಉಳಿದು, ಅವುಗಳಿಗೆ ದಾಖಲೆಯೇ ಇರುವುದಿಲ್ಲ. ಆದ್ದರಿಂದ ಬದಲಿ ರಜೆ ಆರಿಸುವವರು ಅದರ ದಿನಾಂಕವನ್ನು ಒಂದು ಚಿಕ್ಕ ಪತ್ರದಲ್ಲೋ ಫೋನ್ ಸಂದೇಶದಲ್ಲೋ ಬರೆಸಿಕೊಳ್ಳಲಿ. ದಿನಾಂಕ ಕೊಡಲು ಒಪ್ಪದ ಕಡೆ ಹಣವನ್ನೇ ಆರಿಸುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಇನ್ನು “ನಮ್ಮ ಅಂಗಡಿ ವರ್ಷವಿಡೀ ತೆರೆದಿರಲು ಸರ್ಕಾರದ ಅನುಮತಿ ಇದೆ” ಎಂಬ ಉತ್ತರ. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದೆಂದು 2021ರ ಜನವರಿಯಲ್ಲಿ ಅಧಿಸೂಚನೆ ಬಂದದ್ದು ನಿಜ. ಅದು ಅಂಗಡಿಯ ಬಾಗಿಲಿಗೆ ಕೊಟ್ಟ ಅನುಮತಿ. ಒಳಗೆ ದುಡಿಯುವವರ ರಜೆಯ ಹಕ್ಕು ಅದರಿಂದ ಹೋಗುವುದಿಲ್ಲ.

ನಮ್ಮ ಧರ್ಮಕೇಂದ್ರಗಳ ಹಾಗೂ ಸಂಸ್ಥೆಗಳ ಆಡಳಿತ ನೋಡಿಕೊಳ್ಳುವವರಿಗೂ ಒಂದು ಮಾತು. ಮುದ್ರಣಾಲಯ, ಪುಸ್ತಕ ಮಳಿಗೆ, ಕ್ಯಾಂಟೀನ್ ಮುಂತಾದವು ಟ್ರಸ್ಟಿನ ಹೆಸರಿನಲ್ಲಿವೆ ಎಂಬ ಒಂದೇ ಕಾರಣಕ್ಕೆ ಕಾಯ್ದೆಯಿಂದ ಹೊರಗುಳಿಯುವುದಿಲ್ಲ. ಕ್ರಿಸ್ಮಸ್ ರಜೆಯ ಪಟ್ಟಿಯಲ್ಲಿದ್ದೂ ಅಂದು ಮಳಿಗೆಯ ಹುಡುಗನನ್ನು ಕೆಲಸಕ್ಕೆ ಕರೆದರೆ, ಅವನಿಗೂ ಅದೇ ಎರಡು ಆಯ್ಕೆಗಳಿವೆ. ಅದನ್ನು ಸೇವೆಯೆಂದು ಬರೆದುಕೊಳ್ಳುವುದು ಸರಿಯಲ್ಲ.

ಕೇಳಿದರೂ ಸಿಗದಿದ್ದಾಗ ಆ ಭಾಗದ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಬಹುದು. ಬೆಂಗಳೂರಿನಲ್ಲಿ ಇಲಾಖೆಯ ಕಚೇರಿಗಳು ಡೇರಿ ಸರ್ಕಲ್ ಬಳಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿವೆ. ದೂರಿನೊಂದಿಗೆ ಗೋಡೆಯ ಮೇಲಿನ ರಜಾಪಟ್ಟಿಯ ಫೋಟೊ, ಅಂದು ಬರಲು ಹೇಳಿದ ಸೂಚನೆ ಅಥವಾ ಸಂದೇಶ, ಹಾಜರಾತಿಯ ದಾಖಲೆ ಮತ್ತು ಆ ತಿಂಗಳ ವೇತನ ಚೀಟಿ ಇರಲಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಅಂದು ಜೊತೆಗೆ ದುಡಿದ ನಾಲ್ಕು ಮಂದಿ ಒಂದೇ ಅರ್ಜಿಗೆ ಸಹಿ ಹಾಕಿ ಕೊಡುವುದು ಒಳಿತು.