ಗಿರಾಕಿ ಫೋನ್ ನೋಡಿ ಸಾಮಾನು ಕೊಡಬೇಡಿ: ಬೀದಿ ವ್ಯಾಪಾರಿಗಳು ಕ್ಯೂಆರ್ ಬಳಸೋದು ಹೇಗೆ?

35 ರೂಪಾಯಿ ಸೊಪ್ಪಿಗೆ ಗಿರಾಕಿ 500ರ ನೋಟು ಕೊಟ್ಟರೆ ಚಿಲ್ಲರೆ ಹುಡುಕಬೇಕು, ಇಲ್ಲಾಂದ್ರೆ ವ್ಯಾಪಾರ ಬಿಡಬೇಕು. ಕ್ಯೂಆರ್ ಇದ್ದರೆ ಸರಿಯಾಗಿ 35 ರೂಪಾಯಿಯೇ ಖಾತೆಗೆ ಬರುತ್ತದೆ.

ಮಾಡಿಸೋದು ಹೇಗೆ?
ಬ್ಯಾಂಕ್ ಖಾತೆ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಇರಬೇಕು. ಫೋನ್‌ಪೇ, ಪೇಟಿಎಂನಂಥ ಕಂಪನಿಗಳ ವ್ಯಾಪಾರಿ ಆ್ಯಪ್‌ನಲ್ಲಿ ನೋಂದಾಯಿಸಿದರೆ ಕ್ಯೂಆರ್ ಸಿಗುತ್ತದೆ. ಸೌಂಡ್‌ಬಾಕ್ಸ್ ತಗೊಳ್ಳೋದಾದ್ರೆ ತಿಂಗಳ ಬಾಡಿಗೆ ಎಷ್ಟು ಅಂತ ಮೊದಲೇ ಕೇಳಿ.

ಗಾಡಿಗೆ ಅಂಟಿಸಿದ ಮೇಲೆ ಮನೆಯವರ ಫೋನಿನಿಂದ 1 ರೂಪಾಯಿ ಹಾಕಿಸಿ ನೋಡಿ. ಸ್ಕ್ಯಾನ್ ಮಾಡಿದಾಗ ನಿಮ್ಮ ಅಥವಾ ಅಂಗಡಿ ಹೆಸರೇ ಬರಬೇಕು. ಬೇರೆ ಹೆಸರು ಬಂದರೆ ಯಾರೋ ನಿಮ್ಮದರ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿರಬಹುದು. ಹೀಗಾಗಿ ದಿನಾ ಬೆಳಗ್ಗೆ ಸ್ಟಿಕ್ಕರ್ ನೋಡಿಕೊಳ್ಳಿ.

ದುಡ್ಡು ಬಂತಾ?
ಗಿರಾಕಿ ತೋರಿಸುವ ಹಸಿರು ಟಿಕ್ ನಂಬಬೇಡಿ, ಅದನ್ನು ತೋರಿಸೋ ನಕಲಿ ಆ್ಯಪ್‌ಗಳಿವೆ. ಸೌಂಡ್‌ಬಾಕ್ಸ್ ಹೇಳಬೇಕು, ಇಲ್ಲವೇ ನಿಮ್ಮ ಆ್ಯಪ್‌ನಲ್ಲಿ ಆ 35 ರೂಪಾಯಿ ಕಾಣಬೇಕು. ಆಮೇಲೆ ಸೊಪ್ಪು ಕೊಡಿ.

'ದುಡ್ಡು ಬರಬೇಕಾದ್ರೆ ಪಿನ್ ಹಾಕಿ' ಅಂದರೆ ಅದು ಮೋಸ. ಪಿನ್ ಬೇಕಾಗುವುದು ದುಡ್ಡು ಕಳಿಸುವಾಗ, ಪಡೆಯುವಾಗ ಅಲ್ಲ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.