ಐದು ರಿಟ್‌ಗಳು, ಮೈಸೂರಿನ ಎರಡು ಮೊಕದ್ದಮೆಗಳು

ಸಂವಿಧಾನದ 226ನೇ ವಿಧಿ ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಪ್ರೊಹಿಬಿಷನ್, ಕೋ ವಾರಂಟೊ, ಸರ್ಷಿಯೊರರಿ ಎಂಬ ಐದು ರಿಟ್‌ಗಳನ್ನು ಒಟ್ಟಿಗೆ ಹೆಸರಿಸುತ್ತದೆ. ಇವುಗಳ ನಡುವಣ ಗೆರೆಗಳು ಇಂಗ್ಲೆಂಡಿನ ಹಳೆಯ ಪದ್ಧತಿಯ ಪಳೆಯುಳಿಕೆ ಮಾತ್ರವೇ? ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಎರಡು ಮೊಕದ್ದಮೆಗಳು ಅಲ್ಲ ಎನ್ನುತ್ತವೆ. ಸಂವಿಧಾನ ಹಳೆಯ ಕಾರ್ಯವಿಧಾನದ ಕಟ್ಟುಗಳನ್ನು ಸಡಿಲಿಸಿತು. ಗೆರೆಗಳನ್ನು ಅಳಿಸಲಿಲ್ಲ ಎಂಬುದು ಈ ಲೇಖನದ ವಾದ.

1950ಕ್ಕೆ ಮುಂಚೆ

ಬ್ರಿಟಿಷ್ ಆಳ್ವಿಕೆಯಲ್ಲಿ ಈ ರಿಟ್‌ಗಳ ಅಧಿಕಾರವಿದ್ದದ್ದು ಕಲ್ಕತ್ತ, ಮದ್ರಾಸ್, ಬೊಂಬಾಯಿ ಹೈಕೋರ್ಟುಗಳಿಗೆ. ಅದೂ ಬಹುಮಟ್ಟಿಗೆ ಆ ನಗರಗಳ ಎಲ್ಲೆಯೊಳಗೆ. ಪರ್ಲಾಕಿಮಿಡಿಯ ಜಮೀನ್ದಾರರು ಮತ್ತು ರೈತರ ನಡುವಿನ ಗೇಣಿಯ ವಿವಾದದಲ್ಲಿ 1943ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನೇ ಖಚಿತಪಡಿಸಿತು: ನಗರದಾಚೆಯ ಆ ವಿವಾದಕ್ಕೆ ಮದ್ರಾಸ್ ಹೈಕೋರ್ಟಿನ ಸರ್ಷಿಯೊರರಿ ತಲುಪದು. ಅಂದರೆ ಆ ಹೈಕೋರ್ಟಿನ ವ್ಯಾಪ್ತಿಯಲ್ಲೇ ಇದ್ದ ಮಂಗಳೂರು, ಬಳ್ಳಾರಿಯ ಜನರಿಗೂ ಈ ದಾರಿ ಮುಚ್ಚಿತ್ತು. ಅಕ್ರಮ ಬಂಧನಕ್ಕೆ ಮಾತ್ರ ದಂಡ ಪ್ರಕ್ರಿಯಾ ಸಂಹಿತೆಯ 491ನೇ ಕಲಮಿನ ಆಸರೆಯಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ ಈ ಅಧಿಕಾರವನ್ನು ಎಲ್ಲ ಹೈಕೋರ್ಟುಗಳಿಗೂ ಕೊಟ್ಟಿತು.

ಹೋಲಿಕೆ

| ರಿಟ್ | ಯಾರ ವಿರುದ್ಧ | ಯಾವ ಸಂದರ್ಭದಲ್ಲಿ | ಅರ್ಜಿದಾರ |
|---|---|---|---|
| ಹೇಬಿಯಸ್ ಕಾರ್ಪಸ್ | ಬಂಧನದಲ್ಲಿಟ್ಟ ಅಧಿಕಾರಿ ಅಥವಾ ಖಾಸಗಿ ವ್ಯಕ್ತಿ | ಬಂಧನಕ್ಕೆ ಕಾನೂನಿನ ಆಧಾರವಿಲ್ಲದಾಗ | ಬಂಧಿತ, ಅಥವಾ ಆತನ ಪರವಾಗಿ ಬೇರೆಯವರು |
| ಮ್ಯಾಂಡಮಸ್ | ಸಾರ್ವಜನಿಕ ಕರ್ತವ್ಯವುಳ್ಳ ಪ್ರಾಧಿಕಾರ | ಮಾಡಲೇಬೇಕಾದ್ದನ್ನು ಮಾಡದಿದ್ದಾಗ | ಸಾಮಾನ್ಯವಾಗಿ, ಅದನ್ನು ಕೇಳುವ ಕಾನೂನುಬದ್ಧ ಹಕ್ಕುಳ್ಳವರು |
| ಪ್ರೊಹಿಬಿಷನ್ | ಕೆಳ ನ್ಯಾಯಾಲಯ, ನ್ಯಾಯಮಂಡಳಿ | ವ್ಯಾಪ್ತಿ ಮೀರಿದ ವಿಚಾರಣೆ ಇನ್ನೂ ನಡೆಯುತ್ತಿರುವಾಗ | ಸಾಮಾನ್ಯವಾಗಿ ಬಾಧಿತರು |
| ಸರ್ಷಿಯೊರರಿ | ನ್ಯಾಯಮಂಡಳಿ. ಮುಂದೆ ಆಡಳಿತ ಪ್ರಾಧಿಕಾರವೂ | ಆದೇಶ ಹೊರಬಿದ್ದ ಮೇಲೆ, ಅದನ್ನು ರದ್ದುಪಡಿಸಲು | ಸಾಮಾನ್ಯವಾಗಿ ಬಾಧಿತರು |
| ಕೋ ವಾರಂಟೊ | ಸಾರ್ವಜನಿಕ ಹುದ್ದೆಯಲ್ಲಿರುವವರು | ನೇಮಕ ಶಾಸನಬದ್ಧ ನಿಯಮಕ್ಕೆ ವಿರುದ್ಧವಾದಾಗ | ಸ್ವಂತ ನಷ್ಟವಿಲ್ಲದಿದ್ದರೂ ಯಾವುದೇ ನಾಗರಿಕ |

ತರೀಕೆರೆಯ ಚುನಾವಣೆ

ಮೊದಲ ಮೊಕದ್ದಮೆ ಟಿ.ಸಿ. ಬಸಪ್ಪ ಮತ್ತು ಟಿ. ನಾಗಪ್ಪ ಅವರದು. ತರೀಕೆರೆ ಕ್ಷೇತ್ರದಲ್ಲಿ ಗೆದ್ದಿದ್ದ ನಾಗಪ್ಪನವರ ಆಯ್ಕೆಯನ್ನು ಚುನಾವಣಾ ನ್ಯಾಯಮಂಡಳಿ ಅಸಿಂಧುಗೊಳಿಸಿ, ಬಸಪ್ಪನವರು ಆಯ್ಕೆಯಾದರೆಂದು ಸಾರಿತು. ಮೈಸೂರು ಹೈಕೋರ್ಟು ಸರ್ಷಿಯೊರರಿ ಮೂಲಕ ಆ ಆದೇಶವನ್ನು ರದ್ದು ಮಾಡಿತು. 1954ರಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಇಂಗ್ಲಿಷ್ ರಿಟ್‌ಗಳ ಕಾರ್ಯವಿಧಾನದ ಸೂಕ್ಷ್ಮಗಳಿಗೆ ನಮ್ಮ ಹೈಕೋರ್ಟುಗಳು ಕಟ್ಟುಬೀಳಬೇಕಿಲ್ಲ. ಮೂಲತತ್ವಗಳನ್ನು ಪಾಲಿಸಿದರೆ ಸಾಕು. ಆದರೆ ಸರ್ಷಿಯೊರರಿ ಮೇಲ್ಮನವಿಯಲ್ಲ. ನ್ಯಾಯಮಂಡಳಿ ತನ್ನ ವ್ಯಾಪ್ತಿಯೊಳಗೇ ಇದ್ದು, ಆದೇಶದ ಮೇಲ್ನೋಟಕ್ಕೇ ಕಾಣುವ ಕಾನೂನಿನ ತಪ್ಪೂ ಇಲ್ಲದಿದ್ದರೆ, ಸಾಕ್ಷ್ಯವನ್ನು ಮರಳಿ ತೂಗುವಂತಿಲ್ಲ. ಹೈಕೋರ್ಟಿನ ಆದೇಶ ನಿಲ್ಲಲಿಲ್ಲ.

ಸೆಂಟ್ರಲ್ ಕಾಲೇಜಿನ ರೀಡರ್ ಹುದ್ದೆ

ಎರಡನೆಯದು ಮೈಸೂರು ವಿಶ್ವವಿದ್ಯಾನಿಲಯ ಮತ್ತು ಸಿ.ಡಿ. ಗೋವಿಂದರಾವ್ ಅವರ ಮೊಕದ್ದಮೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಇಂಗ್ಲಿಷ್ ರೀಡರ್ ಹುದ್ದೆಗೆ ನೇಮಕವಾದವರು ಯಾವ ಅಧಿಕಾರದಿಂದ ಅಲ್ಲಿದ್ದಾರೆಂದು ವಿಚಾರಿಸಲು ಗೋವಿಂದರಾವ್ ಕೋ ವಾರಂಟೊ ಕೇಳಿದರು. ತಮ್ಮನ್ನೇ ನೇಮಿಸಲು ಮ್ಯಾಂಡಮಸ್‌ ಅನ್ನೂ ಕೋರಿದರು. ಜಾಹೀರಾತು ಪ್ರಥಮ ಅಥವಾ ಉನ್ನತ ದ್ವಿತೀಯ ದರ್ಜೆಯ ಸ್ನಾತಕೋತ್ತರ ಪದವಿ, ಇಲ್ಲವೇ ಅದಕ್ಕೆ ಸಮಾನವಾದ ವಿದೇಶಿ ಪದವಿ ಕೇಳಿತ್ತು. ನೇಮಕವಾದವರಿಗೆ ಇಲ್ಲಿಯ ಎಂ.ಎ.ಯಲ್ಲಿ ಬಂದಿದ್ದುದು ಶೇ. 50.2 ಅಂಕ, ಡರ್ಹಾಮ್ ವಿಶ್ವವಿದ್ಯಾನಿಲಯದ ಎಂ.ಎ. ಪದವಿಯೂ ಇತ್ತು. ಹೈಕೋರ್ಟು ತಜ್ಞರ ಮಂಡಳಿಯ ಶಿಫಾರಸನ್ನು ಒರೆಗೆ ಹಚ್ಚಿ ನೇಮಕವನ್ನು ತಳ್ಳಿಹಾಕಿತು.

ಸುಪ್ರೀಂ ಕೋರ್ಟಿನ 1963ರ ತೀರ್ಪಿನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರ್ ದೋಷ ಎಲ್ಲಿದೆಯೆಂದು ತೋರಿಸಿದರು. ಕೋ ವಾರಂಟೊ ಅರ್ಜಿಯಲ್ಲಿ ಕೇಳಬೇಕಾದದ್ದು ನೇಮಕದಿಂದ ಯಾವ ಶಾಸನಬದ್ಧ ನಿಯಮ ಮುರಿಯಿತು ಎಂಬುದನ್ನು. ಅಂಥ ನಿಯಮವನ್ನು ಯಾರೂ ಮುಂದಿಟ್ಟಿರಲಿಲ್ಲ. ಅದರ ಬದಲು ಹೈಕೋರ್ಟು ಸರ್ಷಿಯೊರರಿಯ ಅಳತೆಗೋಲನ್ನು ಹಿಡಿದು, ಆಯ್ಕೆ ಮಂಡಳಿಯನ್ನು ನ್ಯಾಯಮಂಡಳಿಯಂತೆ ಪರೀಕ್ಷಿಸಿತ್ತು. ಪದವಿಯ ಸಮಾನತೆಯಂಥ ಶೈಕ್ಷಣಿಕ ವಿಷಯದಲ್ಲಿ ತಜ್ಞರ ತೀರ್ಮಾನಕ್ಕೆ ಕೈಹಾಕಲು ನ್ಯಾಯಾಲಯಗಳು ಹಿಂಜರಿಯಬೇಕೆಂದೂ ತೀರ್ಪು ಹೇಳಿತು.

ಗೆರೆ ಸರಿದದ್ದು

ಆದರೆ ಈ ಗೆರೆಗಳು ಕಲ್ಲಿನ ಮೇಲೆ ಕೊರೆದವಲ್ಲ. 1969ರ ಕ್ರೈಪಕ್ ಮೊಕದ್ದಮೆಯಲ್ಲಿ ಅರಣ್ಯ ಸೇವೆಯ ಆಯ್ಕೆ ಮಂಡಳಿಯ ಸದಸ್ಯರೊಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ಸುಪ್ರೀಂ ಕೋರ್ಟು ಆ ಆಯ್ಕೆಯನ್ನು ರದ್ದುಪಡಿಸಿತು; ಆಡಳಿತಾತ್ಮಕ ನಿರ್ಧಾರಕ್ಕೂ ಸಹಜ ನ್ಯಾಯ ಅನ್ವಯಿಸುತ್ತದೆ ಎಂದಿತು. ಹೀಗೆ ಆಯ್ಕೆ ಮಂಡಳಿಗಳು ಸರ್ಷಿಯೊರರಿಯ ಕೈಗೆಟುಕಿದವು. ಆದರೂ ನೇಮಕವೊಂದನ್ನು ಪ್ರಶ್ನಿಸುವವರು ಇಂದಿಗೂ ಮೊದಲು ತಮ್ಮ ದೂರು ಯಾವುದರ ಮೇಲೆಂದು ವಿಂಗಡಿಸಿಕೊಳ್ಳಬೇಕು. ಹುದ್ದೆಯಲ್ಲಿರುವವರಿಗೆ ಶಾಸನ ಕೇಳುವ ಅರ್ಹತೆ ಇಲ್ಲದಿದ್ದರೆ ಕೋ ವಾರಂಟೊ. ಆಯ್ಕೆ ನಡೆದ ರೀತಿಯೇ ಅನ್ಯಾಯವಾಗಿದ್ದರೆ ಸರ್ಷಿಯೊರರಿ. ತಜ್ಞರು ಪ್ರಾಮಾಣಿಕವಾಗಿ ಹಾಕಿದ ಬೆಲೆ ಒಪ್ಪಿಗೆಯಾಗಲಿಲ್ಲ ಎಂಬಷ್ಟಕ್ಕೆ ಐದರಲ್ಲಿ ಒಂದೂ ಒದಗದು.